ಎಸ್‌ಟಿಪಿ ತೊಟ್ಟಿಗೆ ಇಳಿಯುವ ಮುನ್ನ

ಅಪಾರ್ಟ್‌ಮೆಂಟಿನ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿಯಲ್ಲಿ 4 ಮೀಟರ್ ಆಳದ ಕೊಳಚೆ ತೊಟ್ಟಿ. ತಳದ ಪಂಪ್ ಬಟ್ಟೆ ಸಿಕ್ಕಿ ನಿಂತಿದೆ ಎಂದಿಟ್ಟುಕೊಳ್ಳಿ. ಮೊದಲ ಪ್ರಶ್ನೆ: ಸರಪಳಿ ಹಿಡಿದು ಪಂಪನ್ನೇ ಮೇಲೆತ್ತಲು ಆಗುವುದಿಲ್ಲವೇ? ಬಹುಪಾಲು ಸಲ ಆಗುತ್ತದೆ. ಹಾಗಾದಾಗ ಯಾರೂ ಇಳಿಯಬೇಕಿಲ್ಲ. ರಕ್ಷಣಾ ಸಾಧನವಿಲ್ಲದೆ ಒಳಚರಂಡಿ ಶುಚಿಗೆ ಜನರನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಇಳಿಯಲೇಬೇಕಾದರೆ ಒಳಹರಿವು ಮುಚ್ಚಿ, ವಿದ್ಯುತ್ ಕಡಿದು ಸ್ವಿಚ್‌ಗೆ ಬೀಗ ಹಾಕಿ, ಸಕ್ಷನ್ ಲಾರಿಯಿಂದ ತೊಟ್ಟಿ ಖಾಲಿ ಮಾಡಿಸಿ. ಆಮೇಲೆ ಅನಿಲ ಪರೀಕ್ಷೆ. ಮೀಟರಿನ ಕೊಳವೆಯನ್ನು ಹೊರಗಿನಿಂದಲೇ ಇಳಿಬಿಡಬೇಕು.

ಮೊದಲು ಆಮ್ಲಜನಕ ನೋಡಬೇಕು: ಶೇ 19.5ರಿಂದ 23.5ರ ನಡುವೆ ಇರಬೇಕು. ಆಮ್ಲಜನಕ ಕಡಿಮೆಯಿದ್ದರೆ ಸಾಮಾನ್ಯ ಮೀಟರಿನ ದಹನ ಅನಿಲ ಸಂವೇದಕವೇ ತಪ್ಪು ಅಂಕಿ ತೋರಿಸುತ್ತದೆ. ಈ ಸರದಿಗೆ ಕಾರಣ ಅದೇ. ಎರಡನೆಯದು ಮೀಥೇನ್‌ನಂಥ ದಹನ ಅನಿಲ, ಬೆಂಕಿ ಹತ್ತುವ ಕನಿಷ್ಠ ಮಟ್ಟದ ಶೇ 10ಕ್ಕಿಂತ ಕಡಿಮೆ ಇರಬೇಕು. ಮೂರನೆಯದು ವಿಷಾನಿಲ. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 10 ಭಾಗ, ದಾಟಿದರೆ ಇಳಿಯುವ ಮಾತೇ ಇಲ್ಲ.

ಒಂದೇ ಮಟ್ಟದಲ್ಲಿ ನೋಡಿದರೆ ಸಾಲದು. ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಭಾರ. ಬಾಯಿಯ ಬಳಿ 2 ಪಿಪಿಎಂ ತೋರಿಸಿದ ಮೀಟರ್ ತಳದಲ್ಲಿ 40 ತೋರಿಸಬಹುದು. ಮೇಲೆ, ನಡುವೆ, ತಳದಲ್ಲಿ ಕೊಳವೆಯನ್ನು ಹಿಡಿದು, ಅಂಕಿ ನೆಲೆಗೊಳ್ಳುವವರೆಗೆ ಕಾಯಿರಿ. ವಾಸನೆಯನ್ನು ನಂಬಬೇಡಿ, ಸುಮಾರು 100 ಪಿಪಿಎಂನಲ್ಲಿ ಮೂಗೇ ಸೋಲುತ್ತದೆ. ಮೇಣದಬತ್ತಿ ಇಳಿಸಿ ನೋಡುವ ಹಳೆಯ ಪದ್ಧತಿಯಂತೂ ಮೀಥೇನ್‌ಗೆ ಕಿಡಿ ಕೊಟ್ಟಂತೆ.

ಅಂಕಿ ಕೆಟ್ಟಿದ್ದರೆ ಬ್ಲೋವರ್‌ನಿಂದ ತಳಕ್ಕೆ ಹೊಸ ಗಾಳಿ ತಳ್ಳಿ, ಮತ್ತೆ ಅಳೆಯಿರಿ. ಸಿಲಿಂಡರ್ ಆಮ್ಲಜನಕ ಬಿಡಬೇಡಿ, ಬೆಂಕಿ ಅನಾಹುತಕ್ಕೆ ಅದೇ ದಾರಿ. ಕೆಸರು ಕಲಕಿದ ಕ್ಷಣ ಒಳಗಿನ ಅನಿಲ ಹೊರಬರುತ್ತದೆ. ಆದ್ದರಿಂದ ಬ್ಲೋವರ್ ನಿಲ್ಲಿಸಬಾರದು. ಇಳಿದವನ ಎದೆಯ ಮೇಲೂ ಮೀಟರ್ ಇರಬೇಕು.

ಮೇಲೆ ನಿಂತವನಿಗೆ ಬೇರೆ ಯಾವ ಕೆಲಸವೂ ಇರಬಾರದು. ಚಹಾ ತರಲು ಹೋಗುವಂತಿಲ್ಲ, ಸ್ಪ್ಯಾನರ್ ಹುಡುಕಲು ಹೋಗುವಂತಿಲ್ಲ. ಇಳಿದವನೊಡನೆ ಆಗಾಗ ಮಾತನಾಡಬೇಕು. ಉತ್ತರ ತಡವಾದರೆ, ಮಾತು ತೊದಲಿದರೆ, ಮೀಟರ್ ಕೂಗಿದರೆ ತಕ್ಷಣ ಮೇಲೆ ಕರೆಯಬೇಕು. ಏನೇ ಆದರೂ ಮೇಲೆ ನಿಂತವನು ಒಳಗೆ ಹಾರಬಾರದು. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಹೆಣವಾಗುವುದು ಇಲ್ಲಿನ ಮಾಮೂಲಿ ಕಥೆ.

ಹಾಗಾಗಿ ಎತ್ತುವ ಏರ್ಪಾಡು ಇಳಿಯುವ ಮೊದಲೇ ಸಿದ್ಧವಾಗಿರಬೇಕು: ಬಾಯಿಯ ಮೇಲೆ ಮುಕ್ಕಾಲಿ, ಅದಕ್ಕೆ ಕೈರಾಟೆ, ರಾಟೆಯ ಹಗ್ಗ ಇಳಿಯುವವನ ಪೂರ್ತಿ ಮೈಯ ಹಾರ್ನೆಸ್‌ಗೆ. ಏಣಿಗೆ ಕಾಲಿಡುವ ಮುನ್ನವೇ ಕೊಕ್ಕೆ ಹಾಕಿರಬೇಕು. ಬೆಳಿಗ್ಗೆ 70 ಕಿಲೋ ಮರಳು ಮೂಟೆ ಇಳಿಸಿ, ಒಬ್ಬನೇ ಎತ್ತಿ ನೋಡಿ. ಮೂಟೆ ಬಾಯಿಯ ಅಂಚಿಗೆ ಸಿಕ್ಕಿಕೊಂಡರೆ ಮನುಷ್ಯನೂ ಸಿಕ್ಕಿಕೊಳ್ಳುತ್ತಾನೆ. ಮುಕ್ಕಾಲಿಯ ಜಾಗ ಬದಲಿಸಿ ಮತ್ತೆ ಎತ್ತಿ ನೋಡಿ. ರಾಟೆಯೇ ಕೈಕೊಟ್ಟರೆ ಒಳಗೆ ಹೋಗಬಹುದಾದವರು ಸ್ವಂತ ಗಾಳಿ ಸಿಲಿಂಡರ್ ಹೊತ್ತ, ತರಬೇತಿ ಪಡೆದ ಅಗ್ನಿಶಾಮಕ ಸಿಬ್ಬಂದಿ ಮಾತ್ರ. 112ಕ್ಕೆ ಕರೆ ಮಾಡುವಾಗ ಹೇಳಲು ವಿಳಾಸ ಮತ್ತು ಗೇಟಿನ ಗುರುತನ್ನು ಮೇಲಿನವನ ಜೇಬಿನಲ್ಲಿ ಬರೆದಿಡಿ.