ಮೂಗಿನ ನಳಿಕೆಯಲ್ಲಿ ಊಟ, ಆದರೂ ಬಾಯಿಗೆ ಬ್ರಷ್

ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ನಳಿಕೆ, ಅಂದರೆ ರೈಲ್ಸ್ ಟ್ಯೂಬ್ ಹಾಕಿದ ರೋಗಿಯ ಬಾಯಿ ಊಟ ಮಾಡುವವರ ಬಾಯಿಗಿಂತ ಬೇಗ ಕೆಡುತ್ತದೆ. ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನನಗೆ ಈ ಮಾತನ್ನು ಮನೆಯವರಿಗೆ ಒಪ್ಪಿಸುವುದೇ ಮೊದಲ ಕೆಲಸ. ಪಾರ್ಶ್ವವಾಯುವಿನಿಂದ ಬಲಭಾಗ ಬಿದ್ದುಹೋಗಿದ್ದ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲೂ ಸೊಸೆ ಕೇಳಿದ್ದರು: “ಬಾಯಿಂದ ಏನೂ ತಿನ್ನುವುದಿಲ್ಲವಲ್ಲ ಸಿಸ್ಟರ್, ಹಲ್ಲು ಯಾಕೆ ಉಜ್ಜಬೇಕು?”

ಅಗಿಯುವಾಗ ಜೊಲ್ಲು ಹರಿದು ಬಾಯಿ ತಾನಾಗಿ ತೊಳೆದುಕೊಳ್ಳುತ್ತದೆ. ಮೇಷ್ಟರು ಅಗಿಯುತ್ತಿರಲಿಲ್ಲ, ಹಗಲೂ ರಾತ್ರಿ ಬಾಯಿ ತೆರೆದೇ ಉಸಿರಾಡುತ್ತಿದ್ದರು. ಟಾರ್ಚ್ ಹಿಡಿದು ನೋಡಿದರೆ ನಾಲಿಗೆಯ ಮೇಲೆ ಕಂದು ಬಣ್ಣದ ದಪ್ಪ ಪದರ, ಅಂಗುಳಿಗೆ ಅಂಟಿ ಒಣಗಿದ ಕಫದ ಹಕ್ಕಳೆ. ನುಂಗುವ ಶಕ್ತಿ ಕುಂದಿದವರಲ್ಲಿ ರೋಗಾಣು ತುಂಬಿದ ಜೊಲ್ಲು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. ನ್ಯುಮೋನಿಯಾಕ್ಕೆ ಅದೇ ದಾರಿ. ನಳಿಕೆ ಹಾಕಿದ ಮಾತ್ರಕ್ಕೆ ಈ ದಾರಿ ಮುಚ್ಚುವುದಿಲ್ಲ.

ಬ್ರಷ್ ಕೈಗೆತ್ತಿಕೊಳ್ಳುವ ಮೊದಲು ನಾನು ಮಲಗಿಸುವ ಭಂಗಿಯನ್ನು ಸರಿಮಾಡುತ್ತೇನೆ. ಮಂಚದ ತಲೆಭಾಗವನ್ನು ಸುಮಾರು 30 ಡಿಗ್ರಿ ಎತ್ತಿ, ಮೇಷ್ಟರನ್ನು ಸ್ವಾಧೀನವಿರುವ ಎಡಮಗ್ಗುಲಿಗೆ ಹೊರಳಿಸಿ, ಗದ್ದವನ್ನು ತುಸು ಎದೆಯ ಕಡೆಗೆ ಬಾಗಿಸಿದೆ. ಹೀಗಿದ್ದರೆ ನೀರು ಗಂಟಲಿಗೆ ಇಳಿಯದೆ ಕೆಳಗಿನ ಕೆನ್ನೆಯಲ್ಲಿ ನಿಲ್ಲುತ್ತದೆ, ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು. ಅಂಗಾತ ಮಲಗಿಸಿ ಬಾಯಿಗೆ ನೀರು ಬಿಡುವುದನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಸಮಯವೂ ಮುಖ್ಯ. ನಳಿಕೆಯಲ್ಲಿ ಗಂಜಿ ಕೊಡುವ ಮೊದಲೇ ಬಾಯಿ ಸ್ವಚ್ಛ ಮಾಡಬೇಕು. ಹೊಟ್ಟೆ ತುಂಬಿದಾಗ ನಾಲಿಗೆ ಮುಟ್ಟಿದರೆ ಓಕರಿಕೆ ಬಂದು, ಮೇಲೆ ಬಂದದ್ದು ಶ್ವಾಸಕೋಶ ಸೇರಬಹುದು.

ಒಣಗಿದ ಹಕ್ಕಳೆಯನ್ನು ಕೀಳಬಾರದು, ನೆನೆಸಬೇಕು. ಮೊದಲು ತುಟಿಗೆ ತೇವ ಮಾಡಿದೆ. ಇಲ್ಲದಿದ್ದರೆ ಬಾಯಿ ತೆರೆಸುವಾಗ ತುಟಿ ಸೀಳುತ್ತದೆ. ಆಮೇಲೆ ಗಾಜ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ನಾಲಿಗೆಗೂ ಅಂಗುಳಿಗೂ ಒತ್ತಿ ತೇವ ಮಾಡಿ ಕೆಲವು ನಿಮಿಷ ಕಾದೆ. ಅಂಗುಳಿನ ಹಕ್ಕಳೆ ಮೆತ್ತಗಾದ ಮೇಲೆ ಹಿಂದಿನಿಂದ ಮುಂದಕ್ಕೆ ಸುತ್ತಿಕೊಂಡು ಹೊರಗೆ ತಂದೆ. ಹಿಂದಕ್ಕೆ ತಳ್ಳಿದರೆ ಆ ತುಣುಕೇ ಗಂಟಲಿಗೆ ಬೀಳುತ್ತದೆ. ಬೆರಳನ್ನು ಹಲ್ಲುಗಳ ನಡುವೆ ಇಡಬೇಡಿ. ರೋಗಿ ತಿಳಿಯದೆಯೇ ಕಚ್ಚಿಬಿಡುತ್ತಾರೆ.

ನಾಲಿಗೆಗೆ ತಾಮ್ರ ಅಥವಾ ಸ್ಟೀಲಿನ ಪಟ್ಟಿ ಬೇಡ, ಒಣಗಿದ ನಾಲಿಗೆ ಗೀರಿ ರಕ್ತ ಬರುತ್ತದೆ. ಮಕ್ಕಳ ಮೃದು ಬ್ರಷ್‌ನಿಂದ ಮುಂದಿನ ಮೂರನೇ ಎರಡು ಭಾಗವನ್ನು ಮಾತ್ರ, ಹಿಂದಿನಿಂದ ಮುಂದಕ್ಕೆ ಹಗುರವಾಗಿ ಎಳೆಯುತ್ತೇನೆ. ಪದರವೆಲ್ಲ ಒಂದೇ ದಿನಕ್ಕೆ ಹೋಗಲೇಬೇಕೆಂದಿಲ್ಲ. ಹಲ್ಲಿಗೂ ಇದೇ ಬ್ರಷ್. ನೊರೆ ಗಂಟಲಿಗೆ ಹೋಗದಿರಲಿ ಎಂದು ಪೇಸ್ಟನ್ನು ಸವರಿದಷ್ಟೇ ಹಾಕಬೇಕು ಅಥವಾ ಬಿಟ್ಟರೂ ನಡೆಯುತ್ತದೆ. ಎರಡು ಮೂರು ಹಲ್ಲು ಉಜ್ಜುವುದು, ಒರೆಸುವುದು, ಮತ್ತೆ ಮುಂದಿನವು.

ಕಡ್ಡಿಗೆ ಸ್ಪಂಜು ಅಂಟಿಸಿದ ಸ್ವಾಬ್ ತೇವ ಮಾಡಲು ಸರಿ, ಹಲ್ಲಿನ ಪಾಚಿ ತೆಗೆಯಲು ಸಾಲದು. ಸ್ಪಂಜು ಕಳಚಿ ಗಂಟಲಿಗೆ ಸಿಕ್ಕಿದ ಘಟನೆಗಳ ಹಿನ್ನೆಲೆಯಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಕೆ ನೀಡಿತ್ತು. ಬಳಸುವ ಮುನ್ನ ಸ್ಪಂಜನ್ನು ಎಳೆದು ನೋಡಿ, ನೀರಿನಲ್ಲಿ ನೆನೆಹಾಕಬೇಡಿ, ಕಚ್ಚುವ ರೋಗಿಗೆ ಬಳಸಲೇಬೇಡಿ.

ಮೇಷ್ಟರ ಅಕ್ಕ ಜೇನು, ಬೆಣ್ಣೆ, ಕೊಬ್ಬರಿ ಎಣ್ಣೆ ಎಲ್ಲವನ್ನೂ ಸೂಚಿಸಿದರು. ತುಟಿಗೆ ತೆಳುವಾಗಿ ಎಣ್ಣೆ ಹಚ್ಚಲು ಒಪ್ಪಿದೆ. ಬಾಯೊಳಗೆ ಬೇಡವೆಂದೆ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬೇರೆಯದೇ ನ್ಯುಮೋನಿಯಾ ಬರುತ್ತದೆ. ಬೆಳಿಗ್ಗೆ, ರಾತ್ರಿ ಬ್ರಷ್. ನಡುವೆ ಎರಡು ಮೂರು ಗಂಟೆಗೊಮ್ಮೆ ಹಿಂಡಿದ ಗಾಜ್‌ನಿಂದ ತೇವ. ಸೊಸೆ ಇದನ್ನು ಪಾಲಿಸಿದ ಮೇಲೆ ಕಂದು ಪದರ ಕ್ರಮೇಣ ತೆಳುವಾಗಿ ಅಂಚಿನಲ್ಲಿ ಗುಲಾಬಿ ಬಣ್ಣ ಕಾಣಿಸಿತು. ಒರೆಸಿದರೂ ಬಿಳಿ ಮಚ್ಚೆಗಳು ಹೋಗದಿದ್ದರೆ, ಅಥವಾ ಹೋದ ಜಾಗ ಕೆಂಪಾಗಿ ರಕ್ತ ಜಿನುಗಿದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಉಜ್ಜಿದರೆ ಹೋಗುವಂಥದ್ದಲ್ಲ, ವೈದ್ಯರ ಔಷಧಿ ಬೇಕು.

ಕೆಲಸದ ನಡುವೆ ಕೆಮ್ಮು, ಗಂಟಲಲ್ಲಿ ಗೊರಗೊರ ಸದ್ದು ಕೇಳಿಸಿದರೆ ತಕ್ಷಣ ನಿಲ್ಲಿಸಿ, ಮುಖವನ್ನು ಇನ್ನಷ್ಟು ಕೆಳಕ್ಕೆ ವಾಲಿಸಿ ಬಾಯೊಳಗಿನದನ್ನು ಒರೆಸಿ ತೆಗೆಯಬೇಕು. ತುಟಿ ನೀಲಿಯಾದರೆ ಅಥವಾ ಉಸಿರಿಗೆ ಒದ್ದಾಡಿದರೆ 108ಕ್ಕೆ ಕರೆ ಮಾಡಬೇಕು. ಕೆಮ್ಮಲಿಲ್ಲವೆಂದು ನೆಮ್ಮದಿಪಡುವಂತೆಯೂ ಇಲ್ಲ, ಕೆಲವರಲ್ಲಿ ಕೆಮ್ಮುವ ಶಕ್ತಿಯೇ ಇರುವುದಿಲ್ಲ. ಹಾಗಾಗಿ ಸೊಸೆಗೆ ಗಡಿಯಾರ ಹಿಡಿದು ಮಲಗಿದ್ದವರ ಉಸಿರನ್ನು ಒಂದು ನಿಮಿಷ ಎಣಿಸಲು ಕಲಿಸಿದೆ. ಮಾಮೂಲಿಗಿಂತ ಸ್ಪಷ್ಟವಾಗಿ ಹೆಚ್ಚಿ 25ರ ಮೇಲೆ ಹೋದರೆ, ಜ್ವರವಿದ್ದರೆ ಅಥವಾ ಎಂದಿಗಿಂತ ಹೆಚ್ಚು ಮಂಪರಿದ್ದರೆ, ಅದೇ ದಿನ ವೈದ್ಯರಿಗೆ ತೋರಿಸಬೇಕು.