ಬಕೆಟ್ಟಿನಲ್ಲಿ ಗುಳ್ಳೆ ನಿಲ್ಲುವವರೆಗೆ

ಮಲ್ಪೆಯ ಒಂದು ಐಸ್ ಪ್ಲಾಂಟಿಗೆ ನೈಟ್ ಶಿಫ್ಟ್ ಸೂಪರ್‌ವೈಸರ್ ಆಗಿ ಸೇರಿ ನನಗೆ ಆಗ ಮೂರು ವಾರ ಆಗಿತ್ತು. ಆಗಸ್ಟ್ ತಿಂಗಳು. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತು. ಬಂದರಿನಲ್ಲಿ ಎಲ್ಲರಿಗೂ ಐಸ್ ಒಟ್ಟಿಗೇ ಬೇಕು. ಹತ್ತು ದಿನಕ್ಕೆ ಹೋಗುವ ಬೋಟು ಐಸ್ ಇಲ್ಲದೆ ದಕ್ಕೆ ಬಿಡುವುದಿಲ್ಲ.

ಪ್ಲಾಂಟಿನಲ್ಲಿ ರಾತ್ರಿ ಆರು ಜನ. ಅವರಲ್ಲಿ ಆಪರೇಟರ್ ಅಣ್ಣ ಅಲ್ಲಿ ಹದಿನೆಂಟು ವರ್ಷದಿಂದ ಇದ್ದವರು. ನನ್ನ ಹತ್ತಿರ ಜಾಸ್ತಿ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅದರಲ್ಲಿ ನನಗೆ ಬೇಸರ ಇರಲಿಲ್ಲ. ನನಗಿಂತ ಮೊದಲು ಇದ್ದವರು ಏನೇ ಹಾಳಾದರೂ ಮೊದಲು ಆಪರೇಟರ್ ಹೆಸರು ಬರೆಯುತ್ತಿದ್ದರಂತೆ. ಹಾಗಿದ್ದ ಮೇಲೆ ಹೊಸಬನನ್ನು ಯಾರು ನಂಬುತ್ತಾರೆ?

ಆ ರಾತ್ರಿ 1.20ಕ್ಕೆ, ಐಸ್ ಟ್ಯಾಂಕನ್ನು ತಂಪು ಮಾಡುವ ಅಮೋನಿಯಾವನ್ನು ಒತ್ತಿ ಓಡಿಸುವ ಕಂಪ್ರೆಸರ್ ನಿಂತಿತು. ಕರೆಂಟ್ ಹೋದದ್ದಲ್ಲ, ಲೈಟ್ ಉರಿಯುತ್ತಿತ್ತು. ಹೈ ಪ್ರೆಶರ್ ಕಟ್‌ಔಟ್ ಬಿದ್ದಿತ್ತು. ಅಮೋನಿಯಾ ಒತ್ತಡ ಮಿತಿ ದಾಟಿದರೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಅದು. ನಮ್ಮಲ್ಲಿ 220 ಪಿಎಸ್‌ಐಗೆ ಇಟ್ಟಿದ್ದೆವು. ಅಣ್ಣ ರೀಸೆಟ್ ಒತ್ತಿದರು. ಆರೇಳು ನಿಮಿಷ ಓಡಿ ಮತ್ತೆ ನಿಂತಿತು.

ಅವರು ಪ್ಯಾನೆಲ್ ಮೇಲೆ ಕೈಯಾಡಿಸಿ ಒಂದು ಗೇಣುದ್ದದ ವಯರ್ ತೆಗೆದರು. ಎರಡೂ ತುದಿ ಹೆರೆದು ಇಟ್ಟದ್ದು.

"ಸರ್, ಇದನ್ನು ಹಾಕಿದ್ರೆ ಓಡ್ತದೆ. ಮೊದಲಿನವರು ಹಾಗೇ ಮಾಡಿಸ್ತಿದ್ರು. ನಾಲ್ಕೂವರೆಗೆ ಬೋಟಿನವರು ಬರ್ತಾರಲ್ಲ."

ಆ ವಯರ್ ಹಾಕಿದರೆ ಕಟ್‌ಔಟ್ ಇದ್ದೂ ಇಲ್ಲದ ಹಾಗೆ. ಒತ್ತಡ 240, 250 ಅಂತ ಏರುತ್ತಾ ಹೋಗುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟ್ ಹಾರಬಹುದು, ಸೇಫ್ಟಿ ವಾಲ್ವ್ ತೆರೆದು ಅಮೋನಿಯಾ ಹೊರಗೆ ಬರಬಹುದು. ಕೆಳಗೆ ಐಸ್ ಕಟ್ಟುವ ಬ್ರೈನ್ ಟ್ಯಾಂಕ್ ಮೇಲೆ ನಾಲ್ಕು ಹುಡುಗರು ಕ್ಯಾನ್ ಎತ್ತುತ್ತಿದ್ದರು. ಊರು ಬಿಟ್ಟು ಬಂದವರು. ಅಮೋನಿಯಾ ಮುಖಕ್ಕೆ ಹೊಡೆದರೆ ಕಣ್ಣೇ ಬಿಡಲಾಗುವುದಿಲ್ಲ, ಬಾಗಿಲು ಎಲ್ಲಿ ಅಂತಲೂ ಗೊತ್ತಾಗುವುದಿಲ್ಲ.

"ಬೇಡ ಅಣ್ಣ, ವಯರ್ ಹಾಕುವುದು ಬೇಡ. ಐಸ್ ತಡವಾದರೆ ಧಣಿಗಳಿಗೆ ನಾನು ಹೇಳ್ತೇನೆ" ಅಂದೆ. ಅವರು ಏನೂ ಹೇಳಲಿಲ್ಲ. ವಯರ್ ಮತ್ತೆ ಅಲ್ಲೇ ಇಟ್ಟರು.

ಮೊದಲು ಮಾಡಿದ ಕೆಲಸ ಕಂಪ್ರೆಸರಿನದ್ದಲ್ಲ, ಟ್ಯಾಂಕಿನದ್ದು. ಬ್ರೈನ್ ಅಂದರೆ ಐಸಿನ ಕ್ಯಾನುಗಳನ್ನು ಇಳಿಸುವ ಉಪ್ಪುನೀರು, ಆಗ ಮೈನಸ್ 9 ಡಿಗ್ರಿಯಲ್ಲಿತ್ತು. ಅಷ್ಟು ದೊಡ್ಡ ಟ್ಯಾಂಕ್ ಕಂಪ್ರೆಸರ್ ನಿಂತ ತಕ್ಷಣ ಬಿಸಿಯಾಗುವುದಿಲ್ಲ. ಅದನ್ನು ಬೇಗ ಬಿಸಿ ಮಾಡುವುದು ಖಾಲಿ ಕ್ಯಾನಿಗೆ ತುಂಬುವ ಹೊಸ ನೀರು. 28 ಡಿಗ್ರಿ ನೀರನ್ನು ಅದರೊಳಗೆ ಇಳಿಸಿದರೆ ಉಳಿದ ತಂಪೆಲ್ಲ ಅದಕ್ಕೇ ಹೋಗುತ್ತದೆ, ಅರ್ಧ ಗಟ್ಟಿಯಾದ ಬ್ಲಾಕುಗಳು ಅಲ್ಲಿಗೇ ನಿಲ್ಲುತ್ತವೆ. ಹಾಗಾಗಿ ನೀರು ತುಂಬುವುದನ್ನು ನಿಲ್ಲಿಸಿ ಅಂದೆ. ಮರದ ಮುಚ್ಚಳ ಎಲ್ಲ ಹಾಕಿಸಿದೆ. ಬ್ರೈನ್ ಕಲಕುವ ಅಜಿಟೇಟರ್ ಮಾತ್ರ ಓಡುತ್ತಲೇ ಇರಲಿ ಅಂತ ಹೇಳಿದೆ.

ಆಮೇಲೆ ಮೇಲೆ ಕಂಡೆನ್ಸರ್ ಹತ್ತಿರ ಹೋದೆವು. ಬಿಸಿ ಅಮೋನಿಯಾ ಹರಿಯುವ ಪೈಪುಗಳ ಮೇಲೆ ನೀರು ಬಿಟ್ಟು ತಣ್ಣಗೆ ಮಾಡುವ ಜಾಗ ಅದು. ಒತ್ತಡ ಏರಿದರೆ ಎಲ್ಲರೂ ಮೊದಲು ಬೈಯುವುದು ನೀರಿಗೆ. ಪಂಪ್ ನಿಂತಿತೋ, ಪೈಪಿಗೆ ಪಾಚಿ, ಸುಣ್ಣ ಕಟ್ಟಿತೋ ಅಂತ. ಟಾರ್ಚ್ ಹಾಕಿ ನೋಡಿದೆವು. ನೀರು ಎಲ್ಲ ಪೈಪುಗಳ ಮೇಲೂ ಸಮವಾಗಿ ಬೀಳುತ್ತಿತ್ತು. ನಿಷೇಧದ ದಿನಗಳಲ್ಲಿ ತಿಕ್ಕಿ ತೊಳೆದ ಪೈಪುಗಳು, ಶುದ್ಧವಾಗಿದ್ದವು. ಅಣ್ಣನ ಮುಖ ನೋಡಿದೆ. ಅವರಿಗೂ ಅರ್ಥವಾಗಿರಲಿಲ್ಲ.

ಇನ್ನು ಉಳಿದದ್ದು ಎರಡು ಸಂಶಯ. ಅಮೋನಿಯಾ ಜಾಸ್ತಿಯಾಗಿರಬೇಕು, ಇಲ್ಲವೇ ಒಳಗೆ ಗಾಳಿ ಸೇರಿರಬೇಕು. ಹೊಸದಾಗಿ ಅಮೋನಿಯಾ ತುಂಬಿಸಿರಲಿಲ್ಲ, ದ್ರವ ಅಮೋನಿಯಾ ಕೂಡುವ ರಿಸೀವರಿನ ಮಟ್ಟವೂ ಸರಿ ಇತ್ತು. ಹಾಗಾದರೆ ಗಾಳಿ. ಅಮೋನಿಯಾ ತಣ್ಣಗಾದರೆ ದ್ರವವಾಗಿ ಕೆಳಗಿಳಿಯುತ್ತದೆ. ಗಾಳಿ ದ್ರವವಾಗುವುದಿಲ್ಲ. ಅದು ಕಂಡೆನ್ಸರಿನಲ್ಲೇ ಜಾಗ ಹಿಡಿದು ಕೂರುತ್ತದೆ, ಒತ್ತಡ ಏರಿಸುತ್ತದೆ.

ಇದನ್ನು ಊಹೆಯಲ್ಲಿ ಬಿಡಬೇಕಾಗಿಲ್ಲ, ಪರೀಕ್ಷೆ ಉಂಟು. ಕಂಪ್ರೆಸರ್ ನಿಲ್ಲಿಸಿ, ಕಂಡೆನ್ಸರ್ ಮೇಲೆ ನೀರು ಮಾತ್ರ ಬಿಡುತ್ತಾ ಕಾಯಬೇಕು. ಒಳಗಿನ ಅಮೋನಿಯಾ ಕೊನೆಗೆ ನೀರಿನ ತಾಪಮಾನಕ್ಕೆ ಬರುತ್ತದೆ. ಶುದ್ಧ ಅಮೋನಿಯಾಗೆ ಒಂದೊಂದು ತಾಪಮಾನಕ್ಕೆ ಒಂದೊಂದೇ ಒತ್ತಡ. ಅಮೋನಿಯಾ ಗೇಜಿನ ಮುಖದ ಮೇಲೆ ಆ ಎರಡೂ ಅಂಕಿ ಅಕ್ಕಪಕ್ಕ ಬರೆದಿರುತ್ತವೆ. ನೀರಿಗೆ ಥರ್ಮಾಮೀಟರ್ ಇಟ್ಟೆವು, 28 ಡಿಗ್ರಿ. 28ಕ್ಕೆ ಸುಮಾರು 145 ಪಿಎಸ್‌ಐ ಇರಬೇಕು.

ಕೂತು ಕಾದೆವು. ಮುಳ್ಳು ಇಳಿಯಿತು, 200, 190, 180. ಅಲ್ಲಿಂದ ನಿಧಾನ. ಇಪ್ಪತ್ತೈದು ನಿಮಿಷ ಕಳೆದರೂ 175ರ ಕೆಳಗೆ ಬರಲಿಲ್ಲ. ಬೆರಳಿಂದ ಗಾಜಿಗೆ ತಟ್ಟಿದೆ, ಅಲ್ಲೇ ನಿಂತಿತ್ತು. ಮೇಲಿನ 30 ಗಾಳಿಯದ್ದು.

"ಗಾಳಿ ಎಲ್ಲಿಂದ ಬಂತು ಸರ್? ಸಕ್ಷನ್ ವ್ಯಾಕ್ಯೂಮಿಗೆ ಹೋಗಲೇ ಇಲ್ಲ" ಅಂದರು ಅಣ್ಣ. ಅವರ ಪ್ರಶ್ನೆ ಸರಿಯಾಗಿತ್ತು. ಸಕ್ಷನ್ ಅಂದರೆ ಕಂಪ್ರೆಸರ್ ಅಮೋನಿಯಾ ಎಳೆದುಕೊಳ್ಳುವ ಬದಿ. ಓಡುವಾಗ ಅಲ್ಲಿಯ ಒತ್ತಡ 20 ಪಿಎಸ್‌ಐ ಆಸುಪಾಸು, ಹೊರಗಿನ ಗಾಳಿಗಿಂತ ಜಾಸ್ತಿ. ಲೀಕ್ ಇದ್ದರೆ ಅಮೋನಿಯಾ ಹೊರಗೆ ಬರಬೇಕು, ಗಾಳಿ ಒಳಗೆ ಹೋಗುವುದಿಲ್ಲ.

ಲಾಗ್ ಬುಕ್ ತಂದು ಕಂಪ್ರೆಸರ್ ರೂಮಿನ ಹೊರಗೆ ಬೆಂಚಿನ ಮೇಲೆ ಬಿಚ್ಚಿದೆವು. ಡಿಸ್ಚಾರ್ಜ್, ಅಂದರೆ ಕಂಪ್ರೆಸರ್ ಹೊರಗೆ ತಳ್ಳುವ ಬದಿಯ ಒತ್ತಡದ ಕಾಲಮ್ ಮೇಲಿಂದ ಕೆಳಗೆ ಓದಿದೆ. ನಾಲ್ಕು ದಿನ 185. ಒಂದು ಮಧ್ಯಾಹ್ನದಿಂದ 195. ಮತ್ತೆ ಮೂರು ದಿನ ಅಲ್ಲೇ. ಆಮೇಲೆ ಒಂದು ರಾತ್ರಿಯಿಂದ 207. ಇವತ್ತು ಸಂಜೆಯಿಂದ 216. ನಿಧಾನವಾಗಿ ಏರಿದ್ದಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು. ಪಕ್ಕದ ಕಾಲಮಿನಲ್ಲಿ ಆ ಮೂರೂ ದಿನ ಒಂದೇ ಬರಹ: ಸಕ್ಷನ್ ಸ್ಟ್ರೈನರ್ ಕ್ಲೀನ್.

ನಿಷೇಧದ ದಿನಗಳಲ್ಲಿ ಅಮೋನಿಯಾ ಹರಿಯುವ ಕಾಯಿಲ್ ಪೈಪಿಗೆ ವೆಲ್ಡಿಂಗ್ ಮಾಡಿಸಿದ್ದರು. ಅದರ ಪುಡಿ ಬಂದು, ಕಂಪ್ರೆಸರಿಗೆ ಹೋಗುವ ಅಮೋನಿಯಾ ಸೋಸುವ ಸ್ಟ್ರೈನರ್ ಕಟ್ಟುತ್ತಿತ್ತು. ಸ್ಟ್ರೈನರ್ ಬಿಚ್ಚುವಾಗ ಆ ಭಾಗದ ಅಮೋನಿಯಾ ತೆಗೆಯುತ್ತೇವೆ, ಕಂಪ್ರೆಸರ್ ಒಳಗೆಲ್ಲ ಗಾಳಿ ತುಂಬುತ್ತದೆ. ಮತ್ತೆ ಮುಚ್ಚಿದ ಮೇಲೆ ಆ ಗಾಳಿಯನ್ನು ಹೊರಗೆ ತೆಗೆದು ಸ್ಟಾರ್ಟ್ ಮಾಡಬೇಕು. ಅದಕ್ಕೆ ಅರ್ಧ ಗಂಟೆ ಬೇಕು. ಮೂರು ಸಲವೂ ಅವಸರದಲ್ಲಿ ಯಾರೂ ತೆಗೆದಿರಲಿಲ್ಲ.

ಎರಡನೇ ಸಲದ್ದು ನನ್ನ ಶಿಫ್ಟ್. ಕೆಳಗೆ ನನ್ನ ಸಹಿ ಇತ್ತು. ಆ ರಾತ್ರಿ ನಾನು ಪಕ್ಕದಲ್ಲೇ ನಿಂತು "ಬೇಗ ಮುಚ್ಚಿ ಸ್ಟಾರ್ಟ್ ಮಾಡಿ" ಅಂದದ್ದು ನೆನಪಾಯಿತು. ಅಣ್ಣನಿಗೂ ನೆನಪಿರಬೇಕು. ಆದರೆ ಅವರು ಪುಸ್ತಕ ನೋಡುತ್ತಿದ್ದರು, ನನ್ನನ್ನು ನೋಡಲಿಲ್ಲ.

"ಅಣ್ಣ, ಇದು ನಾನು ಹೇಳಿ ಮಾಡಿಸಿದ್ದು. ಪ್ರೆಶರ್ ಏರಿದ್ದಕ್ಕೂ ದಿನಾ ಸಹಿ ಹಾಕಿದ್ದೇನೆ, ಓದಲಿಲ್ಲ" ಅಂದೆ.

ಅವರು ಆಗ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ಅಂದು ನಾನೂ ಹೇಳಬೇಕಿತ್ತು ಸರ್. ಹೇಳಿದ್ರೆ ಯಾರು ಕೇಳ್ತಾರೆ ಅಂತ ಸುಮ್ನೆ ಇದ್ದೆ."

ಗಾಳಿ ತೆಗೆಯುವ ಕೆಲಸ ಕಷ್ಟದ್ದಲ್ಲ, ಆದರೆ ಎಚ್ಚರ ಬೇಕು. ಹುಡುಗರನ್ನೆಲ್ಲ ಕೆಳಗಿಳಿಸಿ, ಗಾಳಿ ಬೀಸುವ ಕಡಲಿನ ಬದಿಗೆ, ಗೇಟಿನ ಹತ್ತಿರ ಕೂರಿಸಿದೆ. ವಾಸನೆ ಬಂದರೂ ಅವರ ಕಡೆ ಹೋಗುವುದಿಲ್ಲ. ನಾವಿಬ್ಬರು ಅಮೋನಿಯಾ ಮಾಸ್ಕ್ ಹಾಕಿದೆವು. ಕಂಡೆನ್ಸರಿನಿಂದ ಗಾಳಿ ಬಿಡುವ ಪರ್ಜ್ ವಾಲ್ವಿಗೆ ರಬ್ಬರ್ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿದೆವು. ಇನ್ನೊಂದು ತುದಿಗೆ ನಟ್ ಕಟ್ಟಿ ನೀರು ತುಂಬಿದ ಬಕೆಟ್ಟಿನ ತಳಕ್ಕೆ ಬಿಟ್ಟೆವು. ಹೋಸ್ ಹಿಡಿಯಲು ಅಣ್ಣ ಮುಂದೆ ಬಂದರು. ವಾಲ್ವ್ ಅವರ ಕೈಗೆ ಬಿಟ್ಟು ಬಕೆಟ್ಟಿನ ಹತ್ತಿರ ನಾನು ಕೂತೆ. ಆ ವಾಲ್ವಿನ ಹದ ಅವರ ಕೈಗೆ ಗೊತ್ತು.

ಅವರು ಕೂದಲೆಳೆಯಷ್ಟು ತೆರೆದರು. ಬಕೆಟ್ಟಿನಲ್ಲಿ ಗುಳ್ಳೆಗಳು ಬಂದವು. ಗೋಲಿಯಷ್ಟು ದೊಡ್ಡವು. ತಳದಿಂದ ಮೇಲಕ್ಕೆ ಬಂದು ಒಡೆಯುತ್ತಿದ್ದವು. ಅದೇ ಗಾಳಿ. ಅಮೋನಿಯಾ ಆದರೆ ಮೇಲೆ ಬರುವುದಕ್ಕೇ ಇಲ್ಲ, ನೀರು ಅದನ್ನು ಅಲ್ಲೇ ಕುಡಿಯುತ್ತದೆ. ಬಕೆಟ್ಟಿನ ನೀರು ಘಾಟಾದಾಗೆಲ್ಲ ವಾಲ್ವ್ ಮುಚ್ಚಿ ನೀರು ಬದಲಿಸಿದೆವು. ವಾಲ್ವ್ ಮುಚ್ಚಿದ ಕೂಡಲೇ ಹೋಸ್ ನೀರಿಂದ ಮೇಲೆತ್ತಬೇಕು. ಇಲ್ಲದಿದ್ದರೆ ಹೋಸಿನಲ್ಲಿ ಉಳಿದ ಅಮೋನಿಯಾ ನೀರಲ್ಲಿ ಕರಗಿ, ನೀರನ್ನೇ ವಾಲ್ವಿನವರೆಗೆ ಎಳೆದುಕೊಳ್ಳುತ್ತದೆ.

ಮೂವತ್ತು ನಿಮಿಷ ದಾಟಿದ ಮೇಲೆ ಗುಳ್ಳೆ ಸಣ್ಣದಾಗುತ್ತಾ ಬಂತು. ಆಮೇಲೆ ಅರ್ಧ ದಾರಿಯಲ್ಲೇ ಮಾಯ. ಕೊನೆಗೆ ಗುಳ್ಳೆ ಇಲ್ಲ, ಬಕೆಟ್ಟಿನ ತಳದಿಂದ ಚಟಚಟ ಅಂತ ಶಬ್ದ ಮಾತ್ರ, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಕೈ ಎತ್ತಿದೆ. ಅಣ್ಣ ಮುಚ್ಚಿದರು. ಗೇಜು 147.

3.10ಕ್ಕೆ ಕಂಪ್ರೆಸರ್ ಸ್ಟಾರ್ಟ್ ಮಾಡಿದೆವು. ಸಕ್ಷನ್ ವಾಲ್ವನ್ನು ಅಣ್ಣ ಸ್ವಲ್ಪ ಸ್ವಲ್ಪವೇ ತೆರೆದರು, ನಾನು ಆಂಪಿಯರ್ ಓದಿ ಹೇಳುತ್ತಿದ್ದೆ. ಒತ್ತಡ 187ಕ್ಕೆ ಬಂದು ನಿಂತಿತು. ಬ್ರೈನ್ ಮೈನಸ್ 7.5ಕ್ಕೆ ಏರಿತ್ತು, ಅಷ್ಟೇ.

ಆದರೆ ಐಸ್ ಸಾಲದು ಅಂತ ಗೊತ್ತಿತ್ತು. ನಮ್ಮ 50 ಕಿಲೋ ಬ್ಲಾಕ್ ಗಟ್ಟಿಯಾಗಲು ಸುಮಾರು 15 ಗಂಟೆ ಬೇಕು. ನಡು ಗಟ್ಟಿಯಾಗದ ಬ್ಲಾಕ್ ಒಡೆದರೆ ಒಳಗೆ ನೀರು. ಅದನ್ನು ಪುಡಿ ಮಾಡಿ ಬೋಟಿಗೆ ಹಾಕಿದರೆ ಬೇಗ ಮೀನು ಹಾಳು. ಸಾಲು ಸಾಲಾಗಿ ಕಬ್ಬಿಣದ ಸಲಾಕೆ ಚುಚ್ಚಿ ನೋಡಿದೆವು. ನಾಲ್ಕು ಬೋಟಿನವರು ಒಟ್ಟು 480 ಬ್ಲಾಕ್ ಹೇಳಿದ್ದರು. ಗಟ್ಟಿಯಾದದ್ದು 300.

ನಾಲ್ಕು ಗಂಟೆಗೇ ನಾನು ದಕ್ಕೆಗೆ ಹೋಗಿ ಬೋಟು ನಡೆಸುವ ತಂಡೇಲರನ್ನು ಕಂಡೆ. ಈಗ ಒಂದೊಂದು ಬೋಟಿಗೆ 75, ಉಳಿದ 45 ಮಧ್ಯಾಹ್ನ ಅಂದೆ. ಮೊದಲು ಬಂದವನಿಗೆ ಪೂರ್ತಿ ಕೊಟ್ಟು ಕೊನೆಯವನಿಗೆ ಇಲ್ಲ ಅನ್ನುವುದು ನನಗೆ ಸರಿ ಕಾಣಲಿಲ್ಲ. ಒಬ್ಬರು ಚೆನ್ನಾಗಿ ಬೈದರು. "ಎಂತ ಮಾರಾಯ್ರೆ, ಆಳುಗಳನ್ನೆಲ್ಲ ಕರೆಸಿ ಆಯ್ತು ನಂಗೆ!" ಅವರ ಬೈಗುಳದಲ್ಲಿ ತಪ್ಪಿರಲಿಲ್ಲ. ಬೇರೆ ಪ್ಲಾಂಟಿನಿಂದ ತರುವುದಾದರೆ ತರಬಹುದು, ಅದಕ್ಕೇ ಮೊದಲೇ ಹೇಳಲು ಬಂದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು 75 ಹಾಕಿ ಅಂದರು.

ಐದು ಗಂಟೆಗೆ ಧಣಿಗಳ ಫೋನ್ ಬಂತು. "ಆಪರೇಟರ್ ಎಂತ ಮಾಡಿದ?" ಅಂತಲೇ ಶುರು. ಅಣ್ಣ ಪಕ್ಕದಲ್ಲೇ ಕ್ರಷರಿಗೆ ಬ್ಲಾಕ್ ನೂಕುತ್ತಿದ್ದರು. "ಅವರದ್ದಲ್ಲ. ಸ್ಟ್ರೈನರ್ ತೆಗೆದ ಮೇಲೆ ಗಾಳಿ ತೆಗೆಯದೆ ಮೂರು ಸಲ ಸ್ಟಾರ್ಟ್ ಮಾಡಿದ್ದೇವೆ, ಒಂದು ಸಲ ನಾನೇ ಹೇಳಿ ಮಾಡಿಸಿದ್ದು. ಲಾಗ್ ಬುಕ್‌ನಲ್ಲಿ ಬರೆದಿದ್ದೇನೆ" ಅಂದೆ. ಧಣಿಗಳು ಸಿಟ್ಟಿನಲ್ಲೇ ಫೋನ್ ಇಟ್ಟರು. ಮಧ್ಯಾಹ್ನದ ಐಸಿನ ಲಾರಿ ಬಾಡಿಗೆ ನಮ್ಮ ಪ್ಲಾಂಟಿನ ಲೆಕ್ಕಕ್ಕೇ ಬಂತು.

ಶಿಫ್ಟ್ ಮುಗಿದು ಹೊರಡುವಾಗ ಪ್ಯಾನೆಲ್ ಮೇಲೆ ನೋಡಿದೆ. ಆ ವಯರ್ ಅಲ್ಲಿರಲಿಲ್ಲ. ಯಾರು ತೆಗೆದರು ಅಂತ ನಾನು ಕೇಳಲಿಲ್ಲ.

ಎರಡು ದಿನ ಕಳೆದು ಮಧ್ಯಾಹ್ನ ನಾನು ಮನೆಯಲ್ಲಿ ಮಲಗಿದ್ದಾಗ ಫೋನ್ ಬಂತು. ಅಣ್ಣನಿಗೆ ಆ ವಾರ ಹಗಲು ಶಿಫ್ಟ್ ಬಿದ್ದಿತ್ತು.

"ಸರ್, ಸ್ಟ್ರೈನರ್ ಮತ್ತೆ ಕಟ್ಟಿದೆ. ತೆಗೀಲಿಕ್ಕುಂಟು. ಬಕೆಟ್, ಹೋಸ್ ಎಲ್ಲ ಇಟ್ಟಿದ್ದೇನೆ. ಇಲ್ಲಿ ಅವಸರ ಮಾಡ್ತಿದ್ದಾರೆ, ಅರ್ಧ ಗಂಟೆ ಬೇಕು ಅಂತ ನಾನು ಹೇಳಿದ್ದೇನೆ. ನೀವೂ ಒಂದು ಮಾತು ಹೇಳ್ತೀರಾ?"

ಫೋನ್ ಅವರಿಗೆ ಕೊಡಿ ಅಂದೆ. ರಾತ್ರಿ ಹೋಗಿ ಲಾಗ್ ಬುಕ್ ತೆರೆದರೆ ಸಂಜೆ ನಾಲ್ಕರ ಎದುರು ಅಣ್ಣನ ಅಕ್ಷರದಲ್ಲಿ 185 ಇತ್ತು. ಪಕ್ಕದಲ್ಲಿ ಬರೆದಿದ್ದರು: ಸ್ಟ್ರೈನರ್ ಕ್ಲೀನ್, ಗಾಳಿ ತೆಗೆದಿದೆ.