ತೊಟ್ಟು ಮುರಿಯದ ಮಿಡಿ: ಐದನೇ ಕ್ಲಾಸಿಗೆ ಒಂದು ಕಥೆ ಬರೆದದ್ದು

ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನಗೆ ಮಕ್ಕಳ ಒಂದು ಉತ್ತರ ಬಾಯಿಪಾಠವಾಗಿಹೋಗಿದೆ. ಯಾವ ಕಥೆ ಓದಿಸಿ 'ಇದರ ನೀತಿ ಏನು?' ಎಂದು ಕೇಳಿದರೂ 'ಹಿರಿಯರ ಮಾತು ಕೇಳಬೇಕು ಟೀಚರ್' ಎನ್ನುತ್ತಾರೆ. ಹಾಗೆ ಹೇಳಿದರೆ ಮಾರ್ಕು ಸಿಗುತ್ತದೆ ಅಂತ ಅವರಿಗೆ ಗೊತ್ತು. ಈ ಉತ್ತರ ಹೊಂದದೇ ಇರುವ ಕಥೆಯೊಂದನ್ನು ನಾನೇ ಬರೆಯೋಣ ಎಂದು ಕೂತೆ.

ವಿಷಯಕ್ಕೆ ದೂರ ಹೋಗಬೇಕಾಗಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಉಪ್ಪಿನಕಾಯಿಯ ಎಳೆಗಾಯಿಗೆ, ಅಂದರೆ ಮಿಡಿಗೆ, ಹಳ್ಳದ ದಂಡೆಯ ಅಪ್ಪೆಮಾವಿನ ಮರ ಹತ್ತದ ಮಕ್ಕಳು ಕಡಿಮೆ. ತೊಟ್ಟು ಮುರಿದ, ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಬಾಳುವುದಿಲ್ಲ, ಮೆತ್ತಗಾಗುತ್ತದೆ. ತಪ್ಪು ಮಾಡಿದ ದಿನ ಏನೂ ಕಾಣುವುದಿಲ್ಲ, ತಿಂಗಳುಗಳ ಮೇಲೆ ಕಾಣುತ್ತದೆ. ಕಥೆಗೆ ನನಗೆ ಬೇಕಾಗಿದ್ದು ಈ ಅಂತರವೇ.

ಕಥೆ ಇದು:

*ಗಣೇಶ ಮರ ಹತ್ತಿ ಗೆಲ್ಲು ಹಿಡಿದು ಅಲ್ಲಾಡಿಸಿದ. ಮಿಡಿ ದಬದಬ ಉದುರಿದವು. ಆರಿಸಿ ಹಾಕಿದ್ದೇ ಬುಟ್ಟಿ ತುಂಬಿತು. ತಂಗಿ ಸುಮಾ ಕೆಳಗಿನ ಗೆಲ್ಲಿನಲ್ಲಿ ಕೂತು ಒಂದೊಂದೇ ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯುತ್ತಿದ್ದಳು. "ನಿಂದು ಅರ್ಧ ಬುಟ್ಟಿನೂ ಆಗ್ಲಿಲ್ಲ!" ಎಂದು ಗಣೇಶ ನಕ್ಕ.*

*ಅಜ್ಜಿ ಎರಡೂ ಬುಟ್ಟಿ ನೋಡಿದಳು. ಏನೂ ಹೇಳಲಿಲ್ಲ. ಎರಡು ಭರಣಿ ತಂದು ಬೇರೆ ಬೇರೆಯಾಗಿ ಉಪ್ಪಿಗೆ ಹಾಕಿ, ಇದ್ದಿಲಲ್ಲಿ 'ಗ', 'ಸು' ಎಂದು ಬರೆದಳು.*

*ಗದ್ದೆ ನಟ್ಟಿಯ ದಿನ ಆಳುಗಳ ಗಂಜಿಗೆ ಭರಣಿ ತೆಗೆದರು. ಸುಮಾಳ ಮಿಡಿ ಹಲ್ಲಿಗೆ ಕಟುಮ್ಮೆಂದಿತು. ಗಣೇಶನದು ಬೆರಳಲ್ಲೇ ಹಿಸುಕಿಹೋಯಿತು. ಅಜ್ಜಿ ಆಗಲೂ ಏನೂ ಹೇಳದೆ ಎಲ್ಲರಿಗೂ ಇನ್ನೊಂದು ಸೌಟು ಗಂಜಿ ಬಡಿಸಿದಳು.*

*ಮರುವರ್ಷ ಸಂಜೆಯಾದರೂ ಗಣೇಶ ಮರದಿಂದ ಇಳಿದಿರಲಿಲ್ಲ. "ಅಣ್ಣಾ, ಬುಟ್ಟಿ ತುಂಬ್ಲಿಲ್ವಾ ಇನ್ನೂ?" "ಹಗ್ಗ ಕಟ್ಟಿ ಇಳಿಸ್ತೀನಿ, ಮೆಲ್ಲಗೆ ಹಿಡ್ಕೋ," ಎಂದ ಅವನು.*

ಮೊದಲ ಕರಡಿನಲ್ಲಿ ಅಜ್ಜಿ 'ಅವಸರ ಮಾಡಿದ್ರೆ ಹೀಗೇ ಕಣೋ' ಅನ್ನುತ್ತಿದ್ದಳು. ಆ ಸಾಲು ತೆಗೆದೆ. ನಾನು ಇಟ್ಟುಕೊಂಡಿರುವ ಕಟ್ಟುಪಾಡು ಒಂದೇ: ಯಾವ ಪದವನ್ನು ಮಕ್ಕಳು ಹುಡುಕಬೇಕೋ ಅದು ಕಥೆಯಲ್ಲಿ ಬರಕೂಡದು. ಹಾಗಂತ ಪೂರ್ತಿ ಬಚ್ಚಿಟ್ಟರೂ ಹತ್ತು ವರ್ಷದವರಿಗೆ ಸಿಗುವುದಿಲ್ಲ. ಅದಕ್ಕೇ ಕೊನೆಯಲ್ಲಿ ಹಗ್ಗದ ಸಾಲು ಇಟ್ಟಿದ್ದು. ಹುಡುಗ ಬದಲಾದ ಎಂದು ಯಾರೂ ಹೇಳುವುದಿಲ್ಲ, ಅವನ ಕೆಲಸ ಹೇಳುತ್ತದೆ. ಕೊನೆಯ ಪ್ಯಾರಾ ಮುಚ್ಚಿ ಓದಿದರೆ ಅದು ಬರೀ ಹಾಳಾದ ಉಪ್ಪಿನಕಾಯಿಯ ಸುದ್ದಿ.

ಪ್ರಶ್ನೆಗಳಿಗೆ ಕಥೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಮೊದಲನೆಯದು ಸುಲಭದ್ದು, ಎಲ್ಲರೂ ಕೈ ಎತ್ತಲಿ ಅಂತ: ಇಬ್ಬರೂ ಮಿಡಿ ಕೊಯ್ದದ್ದು ಹೇಗೆ? ಎರಡನೆಯದು, ಅಜ್ಜಿ ಒಂದೇ ಭರಣಿಗೆ ಯಾಕೆ ಹಾಕಲಿಲ್ಲ? ಇದಕ್ಕೆ ಕಥೆಯಲ್ಲಿ ಸಿದ್ಧ ಉತ್ತರ ಇಲ್ಲ, ಊಹಿಸಬೇಕು. ಮೂರನೆಯದು, ಗಣೇಶ ಬದಲಾಗಿದ್ದಾನೆ ಎಂದು ತೋರಿಸುವ ಸಾಲಿನ ಕೆಳಗೆ ಗೆರೆ ಎಳೆಯಿರಿ.

ನಾಲ್ಕನೆಯದೇ ಆಶಯದ ಪ್ರಶ್ನೆ. ಸುಮ್ಮನೆ 'ಕಥೆಯ ಆಶಯವೇನು' ಅಂದರೆ 'ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು' ಎಂದು ಬರೆಯುತ್ತಾರೆ. ಅದು ತಪ್ಪೇನಲ್ಲ, ಆದರೆ ಅದು ಉಪ್ಪಿನಕಾಯಿ ಹಾಕುವ ಕ್ರಮ. 'ತಾಳ್ಮೆ' ಎಂದು ಒಂದೇ ಪದ ಬರೆದರೂ ಸಾಲದು. ತಾಳ್ಮೆಯ ಬಗ್ಗೆ ಕಥೆ ಏನನ್ನುತ್ತದೆ ಅನ್ನುವುದು ಬೇಕು. ಹಾಗಾಗಿ ಪ್ರಶ್ನೆಯನ್ನು ಹೀಗೆ ಮಾಡಿದೆ: 'ಮಿಡಿ, ಮರ, ಬುಟ್ಟಿ, ಭರಣಿ, ಉಪ್ಪಿನಕಾಯಿ ಈ ಪದಗಳನ್ನು ಬಳಸದೆ, ಕಥೆ ಹೇಳುವುದನ್ನು ಒಂದು ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಯಾವ ಸಾಲಿನಿಂದ ಹಾಗೆನಿಸಿತು?'

ಕ್ಲಾಸಿನಲ್ಲಿ 'ಹಿರಿಯರ ಮಾತು ಕೇಳಬೇಕು' ಬಂದೇ ಬಂತು. ಬೇಡ ಅನ್ನಲಿಲ್ಲ, "ಅಜ್ಜಿ ಏನು ಹೇಳಿದ್ದಳು, ಆ ಸಾಲು ಓದು" ಅಂದೆ. ಹುಡುಗ ಮೇಲಿಂದ ಕೆಳಗೆ ಬೆರಳಾಡಿಸಿ, "ಅಜ್ಜಿ ಮಾತೇ ಆಡಿಲ್ಲ ಟೀಚರ್!" ಎಂದ. ತಾನೇ ಅಳಿಸಿ ಬರೆದ: 'ಬೇಗ ಮುಗಿಸಿದ ಕೆಲಸ ಚೆನ್ನಾಗಿದೆಯೋ ಇಲ್ಲವೋ ಆಮೇಲೆ ಗೊತ್ತಾಗುತ್ತದೆ.' ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬೇರೆಯದೇ ಬರೆದಿದ್ದಳು: 'ಬೈಯದೆ ಇದ್ದರೂ ಕಲಿಸಬಹುದು.' ಆಧಾರಕ್ಕೆ ಗಂಜಿ ಬಡಿಸಿದ ಸಾಲು ಕೊಟ್ಟಿದ್ದಳು. ಬರೆಯುವಾಗ ನನ್ನ ತಲೆಯಲ್ಲಿ ಅದು ಇರಲಿಲ್ಲ. ಆದರೆ ಸಾಲು ಇದೆಯಲ್ಲ, ಪೂರ್ತಿ ಮಾರ್ಕು ಕೊಟ್ಟೆ.

ಈಗ ಆ ಪ್ರಶ್ನೆಗೆ ಎರಡು ಅಂಕ ಇಟ್ಟಿದ್ದೇನೆ, ವಾಕ್ಯಕ್ಕೊಂದು, ಸಾಲು ತೋರಿಸಿದ್ದಕ್ಕೊಂದು. ಪೇಟೆಯ ಶಾಲೆಗೆ ಈ ಕಥೆ ಒಯ್ಯುವುದಾದರೆ ತೊಟ್ಟಿರುವ ಒಂದು ಮಿಡಿ, ಇಲ್ಲದ್ದೊಂದು ಕೈಯಲ್ಲಿರಲಿ. ನೋಡದ ಮಕ್ಕಳಿಗೆ ಮೂರನೇ ಪ್ರಶ್ನೆಯಲ್ಲೇ ತೊಡಕಾಗುತ್ತದೆ.